ಯಂತ್ರಪ್ರಾತ್ಯಕ್ಷಿಕೆಯ ತಾಳೆಪಟ್ಟಿ: ರಾಮನಗರ ಸೀಮೆಯ ರೇಷ್ಮೆ ಬಿಚ್ಚಣಿಕೆ ಯಂತ್ರದ ಖರೀದಿ

ಯಂತ್ರವನ್ನು ಮಾರುವವರು ತಮ್ಮ ಕಾರ್ಖಾನೆಯಲ್ಲಿ ಅದನ್ನು ನಡೆಸಿ, ವಿವರಣೆಯೊಡನೆ ಚಿತ್ರೀಕರಿಸಿ ಕಳುಹಿಸಿದ ಪ್ರಾತ್ಯಕ್ಷಿಕೆಯನ್ನು ನೋಡಿ, ಅದರಲ್ಲಿ ಕಂಡ ಮತ್ತು ಕೇಳಿದ ಸಂಗತಿಗಳನ್ನು ಕೊಳ್ಳುವ ಮಂಡಳಿಯು ಒಂದೊಂದಾಗಿ ಒರೆಗೆ ಹಚ್ಚುವಂತೆ ಸಂಕ್ಷೇಪಿಸಿ ಬರೆದ ಪತ್ರವೇ ತಾಳೆಪಟ್ಟಿ. ಇದು ಪ್ರಾತ್ಯಕ್ಷಿಕೆಯ ಸಾರಾಂಶವಲ್ಲ. ಸಾರಾಂಶವು ಮಾರುವವನ ಮಾತಿನ ಕ್ರಮವನ್ನು ಅನುಸರಿಸಿದರೆ, ತಾಳೆಪಟ್ಟಿಯು ಕೊಳ್ಳುವವನ ಅಗತ್ಯಗಳ ಕ್ರಮವನ್ನು ಅನುಸರಿಸುತ್ತದೆ. ಅದರಿಂದಾಗಿ ಅರ್ಧ ತಾಸು ವರ್ಣಿಸಿದ ಒಂದು ಗುಣಕ್ಕೆ ಪಟ್ಟಿಯಲ್ಲಿ ಒಂದು ಸಾಲು ಸಾಕಾಗಬಹುದು, ಒಂದೇ ವಾಕ್ಯದಲ್ಲಿ ಹಾರಿಸಿಬಿಟ್ಟ ಮತ್ತೊಂದಕ್ಕೆ ಐದು ಸಾಲು ಬೇಕಾಗಬಹುದು. ಈ ಲೇಖನದಲ್ಲಿ ಅಂಥ ಪಟ್ಟಿಯ ರಚನೆಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಬಳಕೆಗೆ ಬಂದಿರುವ ಸ್ವಯಂಚಾಲಿತ ರೇಷ್ಮೆ ಬಿಚ್ಚಣಿಕೆ ಯಂತ್ರವನ್ನು ಆಧಾರವಾಗಿಟ್ಟುಕೊಂಡು ವಿವರಿಸಲಾಗಿದೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾದ ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಪ್ಪುನೇರಳೆಯ ಬೇಸಾಯವೂ ಗೂಡಿನ ವ್ಯಾಪಾರವೂ ನೂಲು ಬಿಚ್ಚುವ ಕಸುಬೂ ಒಂದನ್ನೊಂದು ಹೊಂದಿಕೊಂಡು ಬೆಳೆದಿವೆ. ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾಖಂಡದಲ್ಲಿಯೇ ಅತಿ ದೊಡ್ಡದೆಂದು ಪ್ರಸಿದ್ಧವಾಗಿದೆ. ಇಲ್ಲಿ ಹರಾಜಿನಲ್ಲಿ ಕೊಳ್ಳುವ ರೀಲರುಗಳಲ್ಲಿ ಚರಕದವರು, ಕಾಟೇಜ್ ಬೇಸಿನ್ನಿನವರು, ಮಲ್ಟಿ ಎಂಡ್ ಯಂತ್ರದವರು ಮೊದಲಿನಿಂದಲೂ ಇದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಎ.ಆರ್.ಎಂ. ಎಂದು ಎಲ್ಲರೂ ಸಂಕ್ಷೇಪವಾಗಿ ಕರೆಯುವ ಸ್ವಯಂಚಾಲಿತ ಯಂತ್ರವುಳ್ಳವರೂ ಸೇರಿಕೊಂಡಿದ್ದಾರೆ. ಮೊದಲಲ್ಲಿ ಈ ಯಂತ್ರಗಳು ಚೀನಾದಿಂದ ಬಂದವು. ಯಂತ್ರದ ಬೆಲೆ ಒಬ್ಬ ಸಾಮಾನ್ಯ ರೀಲರನ ಅಳವಿಗೆ ಮೀರಿದ್ದಾದುದರಿಂದ ಹಲವರು ಕೂಡಿ ಕೊಳ್ಳುವ ಆಲೋಚನೆ ಸಹಜವಾಗಿ ಹುಟ್ಟುತ್ತದೆ. ಹಲವರು ಕೂಡಿದಲ್ಲಿ, ಯಂತ್ರವನ್ನು ಯಾರು ನೋಡಿದರು, ಏನು ನೋಡಿದರು, ನೋಡದವರಿಗೆ ಹೇಗೆ ತಿಳಿಸಿದರು ಎಂಬ ಪ್ರಶ್ನೆಗಳೂ ಅದರ ಬೆನ್ನಿಗೇ ಹುಟ್ಟುತ್ತವೆ.

ಹಿಂದೆ ಈ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್ಷೆಟ್‌ಜಿ ಟಾಟಾ ಅವರು ಜಪಾನೀ ಪರಿಣತರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ಸ್ಥಾಪಿಸಿ, ಹೊಸ ರೀತಿಯ ಹುಳುಸಾಕಣೆಯನ್ನೂ ನೂಲು ಬಿಚ್ಚುವ ಕ್ರಮವನ್ನೂ ಜನರೆದುರಿಗೆ ನಡೆಸಿ ತೋರಿಸುವ ಏರ್ಪಾಡು ಮಾಡಿದ್ದರು. ಬಸವನಗುಡಿಯ ಬಳಿಯ ಒಂದು ಬಡಾವಣೆಗೆ ಆ ತೋಟದ ಹೆಸರು ಇಂದಿಗೂ ಉಳಿದಿದೆ. ಹಾಗೆ ಎದುರಿಗೆ ನಿಂತು ನೋಡುವವನು ತನಗೆ ಬೇಕಾದ ಕಡೆ ಕಣ್ಣು ಹಾಯಿಸಬಲ್ಲನು, ನೀರಿನಲ್ಲಿ ಕೈಯಿಟ್ಟು ಕಾವನ್ನು ಅರಿಯಬಲ್ಲನು, ಯಂತ್ರ ನಿಂತಾಗ ಅದು ಏಕೆ ನಿಂತಿತೆಂದು ಅಲ್ಲಿನ ಕೆಲಸದವನನ್ನೇ ಕೇಳಬಲ್ಲನು. ಚಿತ್ರೀಕರಿಸಿದ ಪ್ರಾತ್ಯಕ್ಷಿಕೆಯಲ್ಲಿ ಈ ಮೂರು ಸ್ವಾತಂತ್ರ್ಯಗಳೂ ಇಲ್ಲ. ಕ್ಯಾಮರಾ ಎಲ್ಲಿ ನೋಡುವುದೋ ಅಲ್ಲಿಯೇ ನಾವೂ ನೋಡತಕ್ಕದ್ದು. ಆದರೆ ಎದುರಿಗೆ ನಿಂತವನಿಗಿಲ್ಲದ ಒಂದು ಅನುಕೂಲ ಈ ಚಿತ್ರಮುದ್ರಣದಲ್ಲಿದೆ: ಅದನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಒಂದೇ ಕ್ಷಣವನ್ನು ಹತ್ತು ಸಲ ನೋಡಿ ಎಣಿಸಬಹುದು. ತಾಳೆಪಟ್ಟಿಯ ವಿದ್ಯೆಯೆಲ್ಲ ಈ ಅನುಕೂಲವನ್ನು ಆಶ್ರಯಿಸಿದೆ.

ಪಟ್ಟಿಯ ಎಡಗಡೆಯ, ಅಗತ್ಯಗಳ ಅಂಕಣವನ್ನು ಮುದ್ರಣವನ್ನು ನೋಡುವ ಮೊದಲೇ ಬರೆದಿಡತಕ್ಕದ್ದು. ಇದು ಅಲ್ಪವೆನಿಸುವ ನಿಯಮವಾದರೂ, ಇದನ್ನು ಮೀರಿದ ಪಟ್ಟಿಗಳು ಬಹುಮಟ್ಟಿಗೆ ಮಾರುವವನ ಕರಪತ್ರದ ನಕಲುಗಳಾಗಿಯೇ ಪರಿಣಮಿಸುತ್ತವೆ. ರಾಮನಗರದ ರೀಲರುಗಳ ಒಂದು ಗುಂಪು ನಾನೂರು ಎಳೆಯ ಯಂತ್ರವೊಂದನ್ನು ಕೊಳ್ಳಬಯಸಿದೆಯೆಂದು ಉದಾಹರಣೆಗಾಗಿ ಭಾವಿಸೋಣ. ಎಳೆಯೆಂದರೆ ಏಕಕಾಲದಲ್ಲಿ ಸುತ್ತಿಕೊಳ್ಳುವ ಒಂದು ನೂಲಿನ ದಾರಿ. ಗುಂಪಿನ ಅಗತ್ಯಗಳು ಹೀಗಿರಬಹುದು: ದ್ವಿತಳಿ ಗೂಡು ಸಾಕಷ್ಟು ದೊರೆಯದ ದಿನಗಳಲ್ಲಿ ಮಿಶ್ರತಳಿಯ ಗೂಡನ್ನೂ ಬಿಚ್ಚಬೇಕು, 20ರಿಂದ 22 ಡೆನಿಯರಿನ ನೂಲು ಬರಬೇಕು, ಕೊಳವೆಬಾವಿಯ ಗಡಸು ನೀರಿನಲ್ಲಿ ಅಥವಾ ಅದನ್ನು ಮೆದುಗೊಳಿಸುವ ಉಪಕರಣದೊಡನೆ ನಡೆಯಬೇಕು, ವಿದ್ಯುತ್ತು ಹೋಗಿ ಬಂದಾಗ ಎಳೆಗಳೆಲ್ಲ ಕಡಿದುಹೋಗದೆ ಮತ್ತೆ ನಡೆಯುವಂತಿರಬೇಕು, ಬಿಡಿಭಾಗಗಳು ಇಂತಿಷ್ಟು ದಿನಗಳಲ್ಲಿ ಬೆಂಗಳೂರಿನಲ್ಲಿ ಸಿಗಬೇಕು. ಇವುಗಳಲ್ಲಿ ಯಾವುದು ಇಲ್ಲದಿದ್ದರೆ ಯಂತ್ರವೇ ಬೇಡ, ಯಾವುದು ಇದ್ದರೆ ಒಳ್ಳೆಯದು ಎಂಬುದನ್ನೂ ಅದೇ ಹೊತ್ತಿನಲ್ಲಿ ಗುರುತು ಮಾಡಿಡಬೇಕು. ಚಿತ್ರವನ್ನು ನೋಡಿದ ಮೇಲೆ ಆ ಗುರುತುಗಳು ತಾವಾಗಿಯೇ ಜರುಗುವ ಸ್ವಭಾವದವು.

ಮುದ್ರಣವನ್ನು ಒಮ್ಮೆ ನಿಲ್ಲಿಸದೆ ಕಡೆಯವರೆಗೆ ನೋಡಿ, ಎರಡನೆಯ ಸಲ ನಿಲ್ಲಿಸುತ್ತ ಬರೆದುಕೊಳ್ಳುವುದು ರೂಢಿ. ಬರೆಯುವಾಗ ಪ್ರತಿಯೊಂದು ಸಂಗತಿಯ ಮುಂದೆಯೂ ಅದು ಮುದ್ರಣದ ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿನಲ್ಲಿದೆ ಎಂಬುದನ್ನು ನಮೂದಿಸಬೇಕು. ಹಾಗೆ ಮಾಡಿದರೆ ಮಂಡಳಿಯ ಯಾವ ಸದಸ್ಯನಾದರೂ ಸಂಶಯ ಬಂದ ಕಡೆ ತಾನೇ ತೆರೆದು ನೋಡಬಹುದು, ಬರೆದವನ ಮಾತನ್ನು ನಂಬಿ ಕೂರಬೇಕಾಗಿಲ್ಲ. ಅದಕ್ಕಿಂತಲೂ ಮುಖ್ಯವಾದುದು ಆ ಸಂಗತಿಯ ಆಧಾರ ಯಾವ ಬಗೆಯದೆಂಬ ಗುರುತು. ಯಂತ್ರ ಆ ಕೆಲಸವನ್ನು ಮಾಡಿದ್ದನ್ನು ಕಣ್ಣಾರೆ ಕಂಡದ್ದು ಒಂದು ಬಗೆ. ಮಾಡುತ್ತದೆಂದು ವಿವರಣಕಾರನು ಬಾಯಿಮಾತಿನಲ್ಲಿ ಹೇಳಿದ್ದು ಇನ್ನೊಂದು. ಪರದೆಯ ಮೇಲೆ ಬರಹವಾಗಿಯೋ ನಕ್ಷೆಯಾಗಿಯೋ ತೋರಿದ್ದು ಮತ್ತೊಂದು. ನಮ್ಮ ಅಗತ್ಯಗಳ ಅಂಕಣದಲ್ಲಿದ್ದು ಮುದ್ರಣದಲ್ಲಿ ಪ್ರಸ್ತಾಪವೇ ಆಗದಿರುವುದು ನಾಲ್ಕನೆಯ ಬಗೆ. ಈ ನಾಲ್ಕನೆಯದನ್ನು ‘ಇಲ್ಲ’ ಎಂದು ಬರೆಯುವುದು ತಪ್ಪು, ಖಾಲಿ ಬಿಡುವುದೂ ತಪ್ಪು. ‘ಪ್ರಸ್ತಾಪವಿಲ್ಲ’ ಎಂದೇ ಬರೆಯಬೇಕು. ಬೇರೆ ಬೇರೆ ಕಂಪನಿಗಳ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡುವಾಗ ಖಾಲಿ ಮನೆಯನ್ನು ಒಬ್ಬ ಸದಸ್ಯನು ಗುಣವಿಲ್ಲವೆಂದೂ ಇನ್ನೊಬ್ಬನು ಬರೆಯುವವನು ಮರೆತನೆಂದೂ ತಿಳಿಯುವ ಸಂಭವವುಂಟು.

ವಿವರಣಕಾರನ ಕ್ರಿಯಾಪದಗಳನ್ನು ಹಾಗೆ ಹಾಗೆಯೇ ಉಳಿಸಿಕೊಳ್ಳುವುದೂ ಅವಶ್ಯಕ. ‘ನೀರಿನ ಕಾವನ್ನು ತಾನೇ ಕಾಯ್ದುಕೊಳ್ಳುವ ಸಾಧನವನ್ನು ಅಳವಡಿಸಬಹುದು’ ಎಂದು ಅವನು ನುಡಿದುದು ಸಂಕ್ಷೇಪದಲ್ಲಿ ‘ಕಾವು ಕಾಯ್ದುಕೊಳ್ಳುವ ಸಾಧನವಿದೆ’ ಎಂದಾದರೆ, ಬೆಲೆಯೊಳಗೆ ಸೇರದ ಒಂದು ಹೆಚ್ಚುವರಿ ಉಪಕರಣವು ಸೇರಿದಂತಾಯಿತು. ಪ್ರಾತ್ಯಕ್ಷಿಕೆಯು ಸಾಮಾನ್ಯವಾಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ, ಕೆಲವು ವೇಳೆ ಚೀನೀ ಭಾಷೆಯ ಮೇಲೆ ಹೊಂದಿಸಿದ ಅನುವಾದದಲ್ಲೋ ಇರುತ್ತದೆ. ಪಟ್ಟಿ ಕನ್ನಡದಲ್ಲಿ ಸಿದ್ಧವಾಗುತ್ತದೆ. ರಾಮನಗರದ ರೀಲರುಗಳಲ್ಲಿ ಅನೇಕರ ಮನೆಮಾತು ಉರ್ದುವಾದುದರಿಂದ ಸಭೆಯಲ್ಲಿ ಅದನ್ನು ಉರ್ದುವಿನಲ್ಲಿ ಹೇಳುವುದೂ ಉಂಟು. ಇಷ್ಟು ಕೈ ದಾಟುವಷ್ಟರಲ್ಲಿ ‘ಬಹುದು’ ಎಂಬುದು ಬಿದ್ದುಹೋಗುವುದೇ ಹೆಚ್ಚು, ಉಳಿಯುವುದು ಅಪರೂಪ.

‘ಸ್ವಯಂಚಾಲಿತ’ ಎಂಬ ಹಿರಿದಾದ ಗುಣವನ್ನು ಪಟ್ಟಿಯಲ್ಲಿ ಒಂದೇ ಸಾಲಾಗಿ ಬರೆಯಲಾಗದು. ಬೇಯಿಸಿದ ಗೂಡು ಯಂತ್ರಕ್ಕೆ ಬಂದ ಮೇಲೆ, ಅದರ ಮೇಲ್ಪದರವನ್ನು ಕುಂಚದಿಂದ ಸವರಿ ಎಳೆಯ ತುದಿಯನ್ನು ಹಿಡಿಯುವುದು ಒಂದು ಕಾರ್ಯ. ಗೋಜಲನ್ನು ತೆಗೆದು ಒಂದೇ ತುದಿ ಉಳಿಯುವಂತೆ ಮಾಡುವುದು ಎರಡನೆಯದು. ಸುತ್ತಿಕೊಳ್ಳುತ್ತಿರುವ ನೂಲು ತೆಳುವಾಯಿತೆಂದು ಡೆನಿಯರ್ ಸೂಚಕವು ಅರಿತೊಡನೆ ಹೊಸ ಗೂಡೊಂದರ ಎಳೆಯನ್ನು ಅದಕ್ಕೆ ಕೂಡಿಸುವುದು ಮೂರನೆಯದು. ನೂಲು ಕಡಿದರೆ ಆ ಒಂದು ಎಳೆಯ ರಾಟೆಯನ್ನು ನಿಲ್ಲಿಸುವುದು ನಾಲ್ಕನೆಯದು. ಈ ನಾಲ್ಕನ್ನೂ ಯಂತ್ರವೇ ಮಾಡುತ್ತದೆ. ಆದರೆ ಕಡಿದ ನೂಲನ್ನು ಹುಡುಕಿ, ಎಳೆದು, ಗಂಟು ಹಾಕಿ, ನಿಂತ ರಾಟೆಯನ್ನು ಮತ್ತೆ ನಡೆಸುವುದು ಇಂದಿಗೂ ಕೆಲಸಗಾರರ ಕೈಯಲ್ಲಿಯೇ ಇದೆ. ಆದುದರಿಂದ ಎಷ್ಟು ಜನ ಬೇಕು ಎಂಬ ಪ್ರಶ್ನೆಗೆ ಉತ್ತರ ಯಂತ್ರದ ಸ್ವಯಂಚಾಲಕತ್ವದಲ್ಲಿಲ್ಲ, ನೂಲು ಎಷ್ಟು ಸಲ ಕಡಿಯುತ್ತದೆ ಎಂಬುದರಲ್ಲಿದೆ. ಅದು ಗೂಡಿನ ಗುಣವನ್ನೂ ಬೇಯಿಸಿದ ಹದವನ್ನೂ ನೀರನ್ನೂ ಅವಲಂಬಿಸಿದೆ. ವಿವರಣಕಾರನು ‘ಸಂಪೂರ್ಣ ಸ್ವಯಂಚಾಲಿತ’ ಎಂದಾಗ ಪಟ್ಟಿಯಲ್ಲಿ ಐದು ಸಾಲುಗಳನ್ನು ತೆರೆದು, ಐದಕ್ಕೂ ಬೇರೆ ಬೇರೆ ಆಧಾರವನ್ನು ಬರೆಯುವುದು ಉಚಿತ.

ಇನ್ನು ಅಂಕೆಗಳ ವಿಷಯ. ನಮ್ಮ ಉದಾಹರಣೆಯ ಮುದ್ರಣದಲ್ಲಿ ವಿವರಣಕಾರನು, ಎಂಟು ಗಂಟೆಯ ಪಾಳಿಗೆ 60 ಕಿಲೋಗ್ರಾಂ ನೂಲು ಬರುತ್ತದೆಂದು ಹೇಳಿದನೆನ್ನೋಣ. ಅದನ್ನು ಹಾಗೆಯೇ ಬರೆದುಕೊಂಡರೆ ಪಟ್ಟಿಗೆ ಒಂದು ಅಂಕೆ ಸೇರಿತು, ತಿಳಿವಳಿಕೆಯೇನೂ ಸೇರಲಿಲ್ಲ. ಆದರೆ ಯಂತ್ರದ ಫಲಕದ ಮೇಲೆ ನೂಲು ಸುತ್ತುವ ವೇಗ ನಿಮಿಷಕ್ಕೆ 140 ಮೀಟರ್ ಎಂದು ತೋರುತ್ತಿದ್ದರೆ ಲೆಕ್ಕವನ್ನು ನಾವೇ ಮಾಡಬಹುದು. ಒಂದು ಎಳೆಯು 480 ನಿಮಿಷಗಳಲ್ಲಿ 67,200 ಮೀಟರ್ ಸುತ್ತುತ್ತದೆ. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟೇ ಅದರ ಡೆನಿಯರ್ ಆದುದರಿಂದ, 21 ಡೆನಿಯರಿನ ಅಷ್ಟು ನೂಲು ಸುಮಾರು 157 ಗ್ರಾಂ ತೂಗುತ್ತದೆ. ನಾನೂರು ಎಳೆಗಳಿಂದ 62.7 ಕಿಲೋಗ್ರಾಂ ಆಗುತ್ತದೆ. ಇದು ಒಂದೆಳೆಯೂ ಒಂದು ಕ್ಷಣವೂ ನಿಲ್ಲದೆ ನಡೆದರೆ ದೊರೆಯುವ ಮೊತ್ತ. ಹೇಳಿದ 60 ಕಿಲೋಗ್ರಾಂ ಬರಬೇಕಾದರೆ ನೂರಕ್ಕೆ ಸುಮಾರು 96 ಭಾಗ ಕಾಲ ಎಲ್ಲ ಎಳೆಗಳೂ ನಡೆಯುತ್ತಿರಬೇಕು. ಈಗ ಮುದ್ರಣದಲ್ಲಿ ಎಳೆಗಳ ಸಾಲು ಸ್ಪಷ್ಟವಾಗಿ ಕಾಣುವ ಕಡೆ ಚಿತ್ರವನ್ನು ನಿಲ್ಲಿಸಿ, ಎಷ್ಟು ರಾಟೆಗಳು ನಿಂತಿವೆ ಎಂದು ಎಣಿಸಬೇಕು. ನಲವತ್ತು ಕಂಡ ಕಡೆ ಆರು ನಿಂತಿದ್ದರೆ ನಡೆಯುತ್ತಿರುವುದು ನೂರಕ್ಕೆ 85 ಮಾತ್ರ, ಉತ್ಪತ್ತಿ 53 ಕಿಲೋಗ್ರಾಮಿನ ಆಸುಪಾಸು. ಒಂದೇ ಚಿತ್ರದ ಎಣಿಕೆಯಿಂದ ತೀರ್ಪು ಕೊಡುವುದು ಸರಿಯಲ್ಲ. ಬೇರೆ ಬೇರೆ ಹೊತ್ತಿನ ಹತ್ತಾರು ಚಿತ್ರಗಳನ್ನು ಎಣಿಸಿ ಸರಾಸರಿ ತೆಗೆದರೆ, ಮಾರುವವನನ್ನು ಗೌರವದಿಂದ ಕೇಳಬಹುದಾದ ಒಂದು ಪ್ರಶ್ನೆ ಸಿದ್ಧವಾಗುತ್ತದೆ. ತಾಳೆಪಟ್ಟಿಯಲ್ಲಿ ‘60 ಕಿ.ಗ್ರಾಂ., ಹೇಳಿದ್ದು; ಫಲಕದ ವೇಗದಂತೆ ಗರಿಷ್ಠ 62.7, ಕಂಡ ನಿಲುಗಡೆಯಂತೆ 53, ಯಾವ ಗೂಡಿನಿಂದ, ಎಷ್ಟು ಪಾಳಿಗಳ ಸರಾಸರಿ ಎಂದು ಕೇಳತಕ್ಕದ್ದು’ ಎಂದು ಬರೆದ ಸಾಲು ಮಂಡಳಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಯಾವ ಗೂಡು ಎಂಬ ಪ್ರಶ್ನೆಯೇ ಈ ಸೀಮೆಯಲ್ಲಿ ಎಲ್ಲಕ್ಕಿಂತ ಗಹನವಾದದ್ದು. ತಯಾರಕರು ಪ್ರದರ್ಶನಕ್ಕೆ ಆರಿಸುವುದು ಸ್ವಾಭಾವಿಕವಾಗಿ ಏಕರೂಪದ, ಒಳ್ಳೆಯ ದ್ವಿತಳಿ ಗೂಡನ್ನು. ಅದರಲ್ಲಿ ಕಪಟವೇನೂ ಇಲ್ಲ, ಯಂತ್ರವೇ ಆ ಗೂಡಿಗಾಗಿ ರೂಪುಗೊಂಡದ್ದು. ಆದರೆ ರಾಮನಗರದ ಮಾರುಕಟ್ಟೆಗೆ ಮಾಗಡಿ, ಕನಕಪುರದ ಕಡೆಯಿಂದ ಬೇರೆ ಬೇರೆ ರೈತರ ಸಣ್ಣ ಸಣ್ಣ ಲಾಟುಗಳು ಬರುತ್ತವೆ. ಕೊಂಡವನು ಅವುಗಳನ್ನು ಬೆರೆಸಿ ಬಿಚ್ಚಬೇಕಾಗುತ್ತದೆ. ದ್ವಿತಳಿ ಗೂಡೊಂದರಿಂದ ಸಾವಿರ ಮೀಟರಿನಷ್ಟು ಎಳೆ ಬರುವುದಾದರೆ ಮಿಶ್ರತಳಿಯದರಿಂದ ಏಳುನೂರು ಬಂದೀತು. 21 ಡೆನಿಯರಿನ ನೂಲಿಗೆ ಸುಮಾರು ಎಂಟು ಗೂಡುಗಳ ಎಳೆ ಕೂಡಬೇಕಾಗುವುದರಿಂದ, ಮೇಲೆ ಹೇಳಿದ ವೇಗದಲ್ಲಿ ದ್ವಿತಳಿಯಾದರೆ ಇಡೀ ಯಂತ್ರಕ್ಕೆ ನಿಮಿಷಕ್ಕೆ 450ರಷ್ಟು, ಮಿಶ್ರತಳಿಯಾದರೆ 640ರಷ್ಟು ಹೊಸ ಗೂಡುಗಳನ್ನು ಒದಗಿಸಬೇಕಾಗುತ್ತದೆ; ನಡುವೆ ಕಡಿಯುವ ಎಳೆಗಳ ಲೆಕ್ಕ ಬೇರೆ. ತುದಿ ಹಿಡಿಯುವ ಕುಂಚವೂ ಗೂಡು ಒದಗಿಸುವ ಸಾಧನವೂ ಈ ಹೆಚ್ಚಿನ ಹೊರೆಯನ್ನು ತಾಳಿಕೊಳ್ಳುತ್ತವೆಯೇ, ಇಲ್ಲವಾದರೆ ವೇಗವನ್ನು ಎಷ್ಟು ತಗ್ಗಿಸಬೇಕು, ಆಗ ಪಾಳಿಯ ಉತ್ಪತ್ತಿ ಎಷ್ಟು? ಮುದ್ರಣವು ಇದಕ್ಕೆ ಉತ್ತರ ಹೇಳದು, ಏಕೆಂದರೆ ಮಿಶ್ರತಳಿಯ ಗೂಡು ಅದರಲ್ಲಿ ಇರಲೇ ಇಲ್ಲ. ಅದೇ ರೀತಿ ಒಂದು ಕಿಲೋಗ್ರಾಂ ನೂಲಿಗೆ ಎಷ್ಟು ಕಿಲೋಗ್ರಾಂ ಗೂಡು ಬೇಕೆಂಬ ರೆಂಡಿಟ್ಟಾದ ಅಂಕೆಯನ್ನೂ ಪ್ರದರ್ಶನದ ಗೂಡಿನ ಹೆಸರಿನೊಡನೆಯೇ ಬರೆಯಬೇಕು. ಆರು ಎಂದು ಹೇಳಿದ್ದನ್ನು ನಂಬಿ, ಏಳೂವರೆ ಆಗುವ ಗೂಡು ಕೊಂಡವನು ಪಾಳಿಗೆ 53 ಕಿಲೋಗ್ರಾಂ ನೂಲಿಗೆ 318 ಕಿಲೋಗ್ರಾಂ ಗೂಡಿನ ಬದಲು 397.5 ಕಿಲೋಗ್ರಾಂ ಕೊಳ್ಳಬೇಕಾಗುತ್ತದೆ.

ಮುದ್ರಣವನ್ನು ಕತ್ತರಿಸಿ ಜೋಡಿಸಿರುವುದು ಸಹಜವೇ ಆದರೂ, ಎಲ್ಲಿ ಕತ್ತರಿಸಿದೆ ಎಂಬುದು ತಿಳಿದಿರಬೇಕು. ಫಲಕದ ಮೇಲಿನ ಮೀಟರ್ ಲೆಕ್ಕವು ಇದ್ದಕ್ಕಿದ್ದಂತೆ ಮುಂದಕ್ಕೆ ಜಿಗಿಯುವುದು, ಗೋಡೆಯ ಗಡಿಯಾರದ ಮುಳ್ಳು ಕಥನದ ಕಾಲಕ್ಕೆ ಹೊಂದದಿರುವುದು, ತೊಟ್ಟಿಯಲ್ಲಿ ಒಂದು ಕ್ಷಣದ ಹಿಂದೆ ಸೊರಗಿದ್ದ ಗೂಡಿನ ರಾಶಿ ಮತ್ತೆ ತುಂಬಿ ಕಾಣುವುದು, ಯಂತ್ರದ ಸದ್ದು ಮಾಯವಾಗಿ ಸಂಗೀತವೊಂದೇ ಉಳಿಯುವುದು, ಇವು ಜೋಡಣೆಯ ಗುರುತುಗಳು. ನನ್ನ ಅಭಿಪ್ರಾಯದಲ್ಲಿ ಸಂಗೀತವೇ ಅತ್ಯಂತ ಶಂಕಾಸ್ಪದವಾದದ್ದು. ಯಂತ್ರದ ನಿಜವಾದ ಗದ್ದಲವೂ ರಾಟೆ ನಿಂತು ಹೊರಡುವ ಸಪ್ಪಳವೂ ಅದರಡಿಯಲ್ಲಿ ಅಡಗಿಹೋಗುತ್ತವೆ. ಯಂತ್ರವನ್ನು ಮೊದಲು ಕಾಯಿಸಿ ಹೊರಡಿಸುವ ಅವಧಿ, ಪಾಳಿಯ ಕೊನೆಯಲ್ಲಿ ತೊಳೆಯುವ ಅವಧಿ, ಒಳಗೆ ಉಳಿದ ಪ್ಯೂಪಾ ಮತ್ತು ತ್ಯಾಜ್ಯವನ್ನು ತೆಗೆಯುವ ಕೆಲಸ, ಇವು ಸಾಮಾನ್ಯವಾಗಿ ಕತ್ತರಿಗೆ ಬಲಿಯಾಗುವ ಭಾಗಗಳಾದುದರಿಂದ ಪಟ್ಟಿಯಲ್ಲಿ ಇವಕ್ಕೆ ತಪ್ಪದೆ ಸ್ಥಳವಿರಬೇಕು. ಬಾಯ್ಲರು, ಗೂಡು ಬೇಯಿಸುವ ಯಂತ್ರ, ಸಣ್ಣ ರಾಟೆಯಿಂದ ದೊಡ್ಡ ರಾಟೆಗೆ ಮರುಸುತ್ತುವ ಯಂತ್ರ ಇವು ಚೌಕಟ್ಟಿನಲ್ಲಿ ಕಂಡುಬಂದರೂ ಬೆಲೆಯಲ್ಲಿ ಸೇರಿವೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ.

ಎಷ್ಟು ಸಲ ನೋಡಿದರೂ ಮುದ್ರಣದಿಂದ ತಿಳಿಯಲಾಗದ ಒಂದು ವರ್ಗವುಂಟು. ಅದು ನೂಲಿನ ಗುಣ. ಕಪ್ಪು ಹಲಗೆಯ ಮೇಲೆ ನೂಲನ್ನು ಸಮಾಂತರವಾಗಿ ಸುತ್ತಿ, ಕತ್ತಲೆಕೋಣೆಯಲ್ಲಿ ನಿಯತವಾದ ಬೆಳಕಿನಡಿ ಅದರ ಸಮತೆಯನ್ನೂ ನೈರ್ಮಲ್ಯವನ್ನೂ ಅಳೆಯುವ ಸೆರಿಪ್ಲೇನ್ ಪರೀಕ್ಷೆ, ಡೆನಿಯರಿನ ಏರಿಳಿತ, ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುವ ಬಿಗುವು, ಮರುಸುತ್ತುವಾಗಿನ ಕಡಿತ ಇವೆಲ್ಲ ಪ್ರಯೋಗಶಾಲೆಯ ವಿಷಯಗಳು. ಪರದೆಯ ಮೇಲೆ ಹೊಳೆಯುವ ಲಡಿಯನ್ನು ತೋರಿಸಿ ಇದು ನಾಲ್ಕು ಎ ದರ್ಜೆಯದೆಂದು ಹೇಳಿದರೆ, ಪಟ್ಟಿಯಲ್ಲಿ ಅದು ‘ಹೇಳಿದ್ದು’ ಎಂಬ ವರ್ಗದಲ್ಲಿಯೇ ನಿಲ್ಲಬೇಕು, ‘ಕಂಡದ್ದು’ ಎಂಬುದಕ್ಕೆ ಏರಲಾಗದು. ಇದರ ಪರಿಹಾರವೂ ದೂರದಲ್ಲಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಅಧೀನದಲ್ಲಿ 1983ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯು ನೂಲಿನ ಪರೀಕ್ಷೆಯಲ್ಲಿ ನಿಪುಣವಾದದ್ದು; ತಮ್ಮ ಗೂಡನ್ನೇ ಮಾರುವವನ ಯಂತ್ರದಲ್ಲಿ ಬಿಚ್ಚಿಸಿ, ಬಂದ ನೂಲನ್ನು ಪರೀಕ್ಷೆಗೆ ಕಳುಹಿಸತಕ್ಕದ್ದೆಂದು ಪಟ್ಟಿಯ ಕಡೆಯ ಅಂಕಣದಲ್ಲಿ ಬರೆದಿಡಬಹುದು. ನೀರಿನ ವಿಷಯವೂ ಹಾಗೆಯೇ: ಪ್ರದರ್ಶನದಲ್ಲಿ ಬಳಸಿದ ನೀರಿನ ಗಡಸುತನ ಎಷ್ಟು ಎಂದು ಕೇಳಿ, ತಮ್ಮ ಬಾವಿಯ ನೀರಿನ ಪರೀಕ್ಷೆಯ ವರದಿಯನ್ನು ಪಕ್ಕದಲ್ಲಿಡಬೇಕು.

ಬೇರೆ ಕಸುಬುಗಳಿಗೆ ಈ ಕ್ರಮವನ್ನು ಅನ್ವಯಿಸುವಾಗ ಅಗತ್ಯಗಳ ಅಂಕಣವೊಂದೇ ಬದಲಾಗುತ್ತದೆ. ಚನ್ನಪಟ್ಟಣದ ಗೊಂಬೆಯ ಕುಶಲಕರ್ಮಿಗಳು ಗಣಕಚಾಲಿತ ಕಡಸಲು ಯಂತ್ರದ ಪ್ರಾತ್ಯಕ್ಷಿಕೆಯನ್ನು ನೋಡುವುದಾದರೆ, ಆಲೆಮರದ ತುಂಡನ್ನು ಅದು ಎಷ್ಟು ಚೆಲುವಾಗಿ ಕಡೆಯಿತೆಂಬುದು ಬೇಗ ಕಣ್ಣಿಗೆ ಬೀಳುತ್ತದೆ. ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ, ಘರ್ಷಣೆಯ ಕಾವಿನಿಂದಲೇ ಅರಗು ಕರಗಿ ಮೆತ್ತಿಕೊಳ್ಳುವಂತೆ ಮಾಡುವ ಕೆಲಸ ಅದೇ ಯಂತ್ರದ ಮೇಲೆ ಆದೀತೇ, ಅಥವಾ ತುಂಡನ್ನು ಕಳಚಿ ಹಳೆಯ ಯಂತ್ರಕ್ಕೆ ಏರಿಸಬೇಕೇ ಎಂಬುದು ಕೇಳಿದ ಹೊರತು ತಿಳಿಯುವುದಿಲ್ಲ.

ಸರ್ಕಾರದ ಇಲಾಖೆಯೋ ನಿಗಮವೋ ಕೊಳ್ಳುವ ಪಕ್ಷದಲ್ಲಿ ತಾಳೆಪಟ್ಟಿಗೆ ಇನ್ನೊಂದು ಮಿತಿಯುಂಟು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಕ್ರಮದಲ್ಲಿ ಟೆಂಡರು ಕರೆಯುವಾಗ ಅಪೇಕ್ಷಿತ ಗುಣಗಳನ್ನು ಮೊದಲೇ ಪ್ರಕಟಿಸಬೇಕಾಗುವುದರಿಂದ, ಒಬ್ಬನೇ ತಯಾರಕನ ಮುದ್ರಣವನ್ನು ನೋಡಿ ಬರೆದ ಪಟ್ಟಿಯು ಟೆಂಡರಿನ ವಿವರಣೆಯಾಗಿ ಹೊರಬಿದ್ದರೆ ಅವನ ಯಂತ್ರವೊಂದೇ ಅದಕ್ಕೆ ಹೊಂದುವಂತಾಗಿ ಆಕ್ಷೇಪಕ್ಕೆ ಎಡೆಯಾಗುತ್ತದೆ. ಅಗತ್ಯಗಳನ್ನು ಮೊದಲು ಬರೆದಿಟ್ಟವರಿಗೆ ಈ ತೊಡಕು ಬರುವುದಿಲ್ಲ. ಖಾಸಗಿ ಗುಂಪುಗಳಿಗೆ ಈ ನಿರ್ಬಂಧವಿಲ್ಲ. ಅವರ ಬಳಿ ಪಟ್ಟಿ ಕೊನೆಗೆ ಬರುವುದು ಖರೀದಿಯ ಕರಾರಿನ ಅನುಬಂಧವಾಗಿ. ಆಗ ‘ಹೇಳಿದ್ದು’ ಎಂಬ ಗುರುತುಳ್ಳ ಪ್ರತಿಯೊಂದು ಸಾಲಿಗೂ ಮಾರುವವನಿಂದ ಲಿಖಿತ ಉತ್ತರ ಪಡೆದು, ಯಂತ್ರವನ್ನು ಕೊಳ್ಳುವವರ ಜಾಗದಲ್ಲಿ ಕೂಡಿಸಿದ ಮೇಲೆ ಅವರದೇ ಗೂಡು, ಅವರದೇ ನೀರಿನಲ್ಲಿ ಇಂತಿಷ್ಟು ಪಾಳಿಗಳ ಪರೀಕ್ಷೆ ನಡೆದು ತೀರುವವರೆಗೆ ಹಣದ ಒಂದು ಭಾಗವನ್ನು ತಡೆದಿಡುವ ಷರತ್ತನ್ನು ಸೇರಿಸುತ್ತಾರೆ. ಮುದ್ರಣದ ಮೂಲಪ್ರತಿಯನ್ನೂ, ಅದು ಯಾವ ದಿನ ಯಾರಿಂದ ಬಂದಿತೆಂಬ ಬರಹದೊಡನೆ, ಆ ಪರೀಕ್ಷೆ ಮುಗಿಯುವವರೆಗೆ ಅಳಿಸದೆ ಇಟ್ಟುಕೊಳ್ಳುತ್ತಾರೆ.